30 ಕೇಂದ್ರ, 20 ಟೀಚರ್: ಪ್ರಪೋಸಲ್ಲೇ ಒಂದು, ಬಜೆಟ್ಟೇ ಒಂದು ಆದಾಗ

ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡೋ ಸಿಎಸ್ಆರ್ ದುಡ್ಡಿಗೆ ಸಂಸ್ಥೆಗಳು ಹಾಕೋ ಪ್ರಪೋಸಲ್ ಓದಿ ಅಭಿಪ್ರಾಯ ಬರೆದುಕೊಡೋದು ನನ್ನ ಕೆಲಸ. ನಾನು ಯಾವಾಗ್ಲೂ ಮೊದಲು ಬಜೆಟ್ ಶೀಟ್ ಓದ್ತೀನಿ, ಅದನ್ನ ಮುಗಿಸಿ ಆಮೇಲೆ ಚಟುವಟಿಕೆಗಳ ಭಾಗಕ್ಕೆ ಹೋಗ್ತೀನಿ, ಯಾಕಂದ್ರೆ ಬಜೆಟ್ ಮಾತ್ರ ನೋಡಿದಾಗ ಈ ಪ್ರಾಜೆಕ್ಟ್ ಏನಿರಬಹುದು ಅಂತ ಮನಸ್ಸಲ್ಲಿ ಒಂದು ಚಿತ್ರ ಬರುತ್ತಲ್ಲ, ಅದು ಮುಂದೆ ಓದೋ ವಿವರಣೆಗೆ ತಾಳೆ ಆಗ್ಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತೆ.

ಇತ್ತೀಚೆಗೆ ಬಂದ ಒಂದನ್ನ ಬಿಡಿಸಿ ಹೇಳ್ತೀನಿ. ಸಂಸ್ಥೆಯ ಗುರುತು ಸಿಗಬಾರದು ಅಂತ ಅಂಕಿಗಳನ್ನ ಸ್ವಲ್ಪ ಬದಲಾಯಿಸಿದೀನಿ. ಕಲ್ಯಾಣ ಕರ್ನಾಟಕದ ಒಂದು ತಾಲೂಕು, 30 ಹಳ್ಳಿ, ಹಳ್ಳಿಗೊಂದು ಸಂಜೆ ಕಲಿಕಾ ಕೇಂದ್ರ. ಸರ್ಕಾರಿ ಶಾಲೆ ಮಕ್ಕಳು, ಕೇಂದ್ರಕ್ಕೆ 25 ಜನ. ಜೂನಿಂದ ಮಾರ್ಚ್‌ವರೆಗೆ 10 ತಿಂಗಳು, ದಿನಾ ಸಂಜೆ 5.30ರಿಂದ 7.30. ಅದೇ ಊರಿನ ಪಿಯುಸಿ ಆದ ಹೆಣ್ಮಗಳು ಕಲಿಸ್ತಾಳೆ, ಇಬ್ಬರು ಮೇಲ್ವಿಚಾರಕರು ಪ್ರತಿ ಕೇಂದ್ರಕ್ಕೂ ತಿಂಗಳಿಗೆ ಎರಡು ಸಲ ಹೋಗ್ತಾರೆ, ವರ್ಷದಲ್ಲಿ ಮೂರು ಸಲ ಮಕ್ಕಳ ಓದು ಮತ್ತು ಲೆಕ್ಕದ ಪರೀಕ್ಷೆ. ಕೇಳಿದ ಮೊತ್ತ ₹22.8 ಲಕ್ಷ. ಬರವಣಿಗೆ ತುಂಬಾ ಚೆನ್ನಾಗಿತ್ತು, ಊರುಗಳನ್ನ ನಿಜವಾಗ್ಲೂ ಬಲ್ಲವರು ಬರೆದಿದ್ದು ಅಂತ ಗೊತ್ತಾಗ್ತಿತ್ತು.

ಬಜೆಟ್‌ನಲ್ಲಿ ಟೀಚರ್ ಗೌರವಧನದ ಸಾಲು ಹೀಗಿತ್ತು: 20 ಜನ, ತಿಂಗಳಿಗೆ ₹4,000, 10 ತಿಂಗಳು, ಒಟ್ಟು ₹8,00,000. ಪಕ್ಕದ ಜಸ್ಟಿಫಿಕೇಶನ್ ಕಾಲಮ್ಮಲ್ಲಿ "ಯೋಜನೆಯ ಅಗತ್ಯಕ್ಕೆ ತಕ್ಕಂತೆ" ಅಷ್ಟೇ. ಕೇಂದ್ರ 30, ಕಲಿಸೋರು 20. ಇನ್ನೂ ವಿಚಿತ್ರ ಅಂದ್ರೆ ನಾಲ್ಕು ಸಾಲು ಕೆಳಗೆ ಟೀಚರ್ ತರಬೇತಿಗೆ 30 ಜನ, 5 ದಿನ, ದಿನಕ್ಕೆ ₹800 ಅಂತ ₹1,20,000 ಇಟ್ಟಿದಾರೆ. ಅಂದ್ರೆ ಒಂದೇ ಶೀಟಲ್ಲಿ ತರಬೇತಿ ತಗೊಳ್ಳೋರು 30, ದುಡ್ಡು ಸಿಗೋದು 20 ಜನಕ್ಕೆ. ಇದನ್ನ ನೋಡಿದ ಫಂಡರ್ ಹತ್ತು ಜನರ ಕೈಲಿ ಬಿಟ್ಟಿ ಕೆಲಸ ಮಾಡಿಸ್ತಾರೇನೋ ಅಂದ್ಕೋಬಹುದು, ಇಲ್ಲಾ 30 ಕೇಂದ್ರ ಅನ್ನೋದೇ ಸುಳ್ಳು ಅಂದ್ಕೋಬಹುದು. ಎರಡೂ ಅಲ್ಲ. ಫೋನ್ ಮಾಡಿ ಕೇಳಿದ್ರೆ ಹೋದ ವರ್ಷ 20 ಕೇಂದ್ರ ಇತ್ತಂತೆ, ಅಕೌಂಟೆಂಟ್ ಅದೇ ಎಕ್ಸೆಲ್ ಫೈಲ್ ಓಪನ್ ಮಾಡಿ ಕೆಲವು ಸಾಲು ತಿದ್ದಿದಾರೆ, ಈ ಸಾಲು ಹಾಗೇ ಉಳ್ಕೊಂಡಿದೆ. ಚಟುವಟಿಕೆ ಬರೆದ ಮೇಡಂ ಬಜೆಟ್ ನೋಡಿಲ್ಲ, ಅಕೌಂಟೆಂಟ್ ಚಟುವಟಿಕೆ ಓದಿಲ್ಲ. ನನ್ನ ಮುಂದೆ ಬರೋ ಇಂಥ ಗೊಂದಲಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಲ್ಲೇ ಇರುತ್ತೆ, ಮೋಸ ಅಪರೂಪ. ಅದಕ್ಕೇ ಅನುಮಾನದ ಧಾಟಿಯಲ್ಲಿ ಫೀಡ್‌ಬ್ಯಾಕ್ ಬರೀಬಾರದು ಅಂತ ನಾನು ಹಟ ಹಿಡೀತೀನಿ.

ಆಮೇಲೆ 8 ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಒಟ್ಟು ₹3,74,000. ಜಸ್ಟಿಫಿಕೇಶನ್ "ಡಿಜಿಟಲ್ ಕಲಿಕೆಗಾಗಿ". ಚಟುವಟಿಕೆಗಳ ಐದು ಪುಟದಲ್ಲಿ ಡಿಜಿಟಲ್ ಕಲಿಕೆ ಅನ್ನೋ ಮಾತೇ ಇಲ್ಲ, 30 ಕೇಂದ್ರಕ್ಕೆ 8 ಲ್ಯಾಪ್‌ಟಾಪ್ ಹೇಗೆ ಹಂಚ್ತಾರೆ ಅಂತನೂ ಇಲ್ಲ. ಬೇರೆ ಫಂಡರ್‌ಗೆ ಬರೆದಿದ್ದ ಪ್ರಪೋಸಲ್‌ನಿಂದ ಬಂದು ಸೇರಿದ್ದು. ಸಲಕರಣೆ ವಿಷಯದಲ್ಲಿ ಇನ್ನೊಂದು ಪ್ರಶ್ನೆನೂ ಇದೆ. 2021ರ ಜನವರಿಯಲ್ಲಿ ತಿದ್ದುಪಡಿ ಆದ ಸಿಎಸ್ಆರ್ ನಿಯಮಗಳ ಪ್ರಕಾರ ಈ ದುಡ್ಡಲ್ಲಿ ಮಾಡಿದ ಬಂಡವಾಳ ಆಸ್ತಿ ಕಂಪನಿ ಹೆಸರಲ್ಲಿ ಇರೋ ಹಾಗಿಲ್ಲ, ಸಿಎಸ್ಆರ್ ನೋಂದಣಿ ಸಂಖ್ಯೆ ಇರೋ ಸಂಸ್ಥೆ, ಇಲ್ಲ ಫಲಾನುಭವಿಗಳ ಸಂಘ, ಇಲ್ಲ ಸರ್ಕಾರಿ ಪ್ರಾಧಿಕಾರದ ಹೆಸರಲ್ಲಿ ಇರಬೇಕು. ಪ್ರಾಜೆಕ್ಟ್ ಮುಗಿದ ಮೇಲೆ ಸಾಮಾನು ಯಾರ ಹತ್ರ ಇರುತ್ತೆ ಅಂತ ಬರೀದೆ ಇದ್ರೆ ಕಂಪನಿಯವರು ಖಂಡಿತ ಕೇಳ್ತಾರೆ.

ಮೇಲ್ವಿಚಾರಕರ ಪ್ರಯಾಣದ ಸಾಲು ಚಿಕ್ಕದು, ಆದ್ರೆ ನನಗೆ ಎಲ್ಲಕ್ಕಿಂತ ಹೆಚ್ಚು ವಿಷಯ ಹೇಳಿದ್ದು ಅದೇ. ತಿಂಗಳಿಗೆ ₹4,000. ಚಟುವಟಿಕೆ ಪ್ರಕಾರ 30 ಕೇಂದ್ರ, ಎರಡು ಸಲ, ತಿಂಗಳಿಗೆ 60 ಭೇಟಿ. ಭಾಗಿಸಿ ನೋಡಿ, ಒಂದು ಭೇಟಿಗೆ ₹67 ಕೂಡ ಬರಲ್ಲ. ಹೋಗಿ ಬರೋಕೆ ಸರಾಸರಿ 35 ಕಿಲೋಮೀಟರ್ ಅಂತ ಅವರೇ ಬರೆದಿದಾರೆ, ಬೈಕಿಗೆ ಕಿಲೋಮೀಟರಿಗೆ ₹5 ಹಿಡಿದ್ರೂ ₹175 ಆಗುತ್ತೆ. ಹಾಗಾದ್ರೆ ಪ್ರಯಾಣದ ದುಡ್ಡು ಜಾಸ್ತಿ ಮಾಡಿದ್ರೆ ಸರಿ ಹೋಗುತ್ತಾ? ಇಲ್ಲ. ಕೇಂದ್ರ ನಡೆಯೋದೇ ಸಂಜೆ ಎರಡು ಗಂಟೆ. ಒಬ್ಬ ಮೇಲ್ವಿಚಾರಕರಿಗೆ ತಿಂಗಳಲ್ಲಿ ಹೆಚ್ಚಂದ್ರೆ 25 ಸಂಜೆ ಸಿಗುತ್ತೆ, ಅವರ ಪಾಲಿಗೆ 30 ಭೇಟಿ ಇದೆ. ಒಂದೊಂದು ಕೇಂದ್ರದಲ್ಲಿ ಕೂತು ಪಾಠ ನೋಡಿ ಟೀಚರ್ ಜೊತೆ ಮಾತಾಡಿ ಬರಬೇಕು ಅಂದ್ರೆ ಇದು ಆಗೋ ಕೆಲಸ ಅಲ್ಲ. ಇಲ್ಲಿ ತಿದ್ದಬೇಕಿರೋದು ಚಟುವಟಿಕೆಯನ್ನೇ: ತಿಂಗಳಿಗೊಂದೇ ಭೇಟಿ, ಆದ್ರೆ ಪೂರ್ತಿ ಎರಡು ಗಂಟೆ. 30 ಭೇಟಿಗೆ ತಿಂಗಳಿಗೆ ₹5,250, 10 ತಿಂಗಳಿಗೆ ₹52,500.

ಪರೀಕ್ಷೆಗೆ ಒಂದು ರೂಪಾಯಿನೂ ಇಟ್ಟಿಲ್ಲ. 750 ಮಕ್ಕಳು, ಓದೋಕೆ ಬರುತ್ತಾ ಅಂತ ನೋಡ್ಬೇಕು ಅಂದ್ರೆ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಅಕ್ಷರ, ಪದ, ವಾಕ್ಯ, ಕಥೆ ಅಂತ ಓದಿಸ್ಬೇಕು. ಒಬ್ಬರು ದಿನಕ್ಕೆ 25 ಮಕ್ಕಳನ್ನ ನೋಡಿದ್ರೆ ಒಂದು ಸುತ್ತಿಗೆ 30 ಆಳುದಿನ. ಟೀಚರ್ ತನ್ನ ಕೇಂದ್ರದ ಮಕ್ಕಳನ್ನ ತಾನೇ ಪರೀಕ್ಷೆ ಮಾಡಬಾರದು, ಪಕ್ಕದೂರಿನ ಟೀಚರ್ ಬರಬೇಕು, ಅವಳ ದಿನದ ಭತ್ಯೆ ಮತ್ತು ಬಸ್ಸಿಗೆ ಸೇರಿ ₹500. ಮೂರು ಸುತ್ತು ಬೇಡ, ಶುರುವಲ್ಲಿ ಒಂದು ಕೊನೆಗೊಂದು ಸಾಕು ಅಂದೆ. ₹30,000, ಪ್ರಿಂಟಿಂಗ್‌ಗೆ ₹8,000.

ನಾನು ಕಳಿಸಿದ ಫೀಡ್‌ಬ್ಯಾಕಲ್ಲಿ "ಬಜೆಟ್ ಹೊಂದಾಣಿಕೆ ಆಗುತ್ತಿಲ್ಲ" ಅನ್ನೋ ವಾಕ್ಯ ಇರಲಿಲ್ಲ. ಅದನ್ನ ಓದಿ ಯಾರೂ ಏನೂ ತಿದ್ದೋಕಾಗಲ್ಲ. ಸಾಲಿನ ನಂಬರ್ ಹಾಕಿ ಉತ್ತರ ಕೊಡೋ ಹಾಗೆ ಕೇಳಿದೆ: "ಬಜೆಟ್ ಸಾಲು 3ರಲ್ಲಿ 20 ಟೀಚರ್, ಸಾಲು 7ರಲ್ಲಿ 30. ಉಳಿದ 10 ಕೇಂದ್ರದಲ್ಲಿ ಯಾರು ಕಲಿಸ್ತಾರೆ, ಅವರಿಗೆ ಯಾವ ಹೆಡ್ಡಿಂದ ಕೊಡ್ತೀರಿ?" "ಸಾಲು 9ರ ಲ್ಯಾಪ್‌ಟಾಪ್ ಯಾವ ಚಟುವಟಿಕೆಗೆ? ಇಲ್ಲದಿದ್ದರೆ ತೆಗೀರಿ."

ಲೆಕ್ಕ ಏನಾಯ್ತು ನೋಡಿ. ಗೌರವಧನಕ್ಕೆ ₹4,00,000 ಸೇರುತ್ತೆ, ಸಲಕರಣೆ ₹3,74,000 ಹೋಗುತ್ತೆ, ಪ್ರಯಾಣಕ್ಕೆ ₹12,500, ಪರೀಕ್ಷೆಗೆ ₹38,000 ಸೇರುತ್ತೆ. ಒಟ್ಟು ₹76,500 ಜಾಸ್ತಿ ಆಯ್ತು. ಮೊತ್ತ ಏರಿಸೋಕೆ ಅವರು ಹೆದರ್ತಿದ್ರು. ಒಂದು ಕೇಂದ್ರಕ್ಕೆ ಗೌರವಧನ ₹40,000, ತರಬೇತಿ ₹4,000, ಕಲಿಕಾ ಸಾಮಗ್ರಿ ₹6,000, ಒಟ್ಟು ₹50,000. ಎರಡು ಕೇಂದ್ರ ಕಡಿಮೆ ಮಾಡಿದ್ರೆ ಒಂದು ಲಕ್ಷ ಇಳಿಯುತ್ತೆ, 28 ಕೇಂದ್ರ ಅದೇ ₹22.8 ಲಕ್ಷದೊಳಗೆ ನಡೆಯುತ್ತೆ. ಅವರು ಅದನ್ನೇ ಆರಿಸ್ಕೊಂಡ್ರು.

ಇನ್ನೊಂದು ವಿಷಯ. ಕೋಆರ್ಡಿನೇಟರ್ ಸಂಬಳದ ಅರ್ಧ ಭಾಗವನ್ನ ಇವರು "ಸಮುದಾಯ ಜಾಗೃತಿ" ಅನ್ನೋ ಹೆಡ್ಡಲ್ಲಿ ಸೇರಿಸಿಟ್ಟಿದ್ರು, ಆಡಳಿತ ವೆಚ್ಚ 5% ದಾಟಬಾರದು ಅಂತ ಯಾರೋ ಹೇಳಿದ್ರಂತೆ. ಆ 5% ಮಿತಿ ಇರೋದು ಕಂಪನಿಗೆ, ಅದು ಆ ವರ್ಷ ಮಾಡೋ ಒಟ್ಟು ಸಿಎಸ್ಆರ್ ಖರ್ಚಿನ ಮೇಲೆ, ತನ್ನದೇ ಸಿಎಸ್ಆರ್ ಆಡಳಿತದ ವೆಚ್ಚಕ್ಕೆ. ಪ್ರಾಜೆಕ್ಟ್ ನಡೆಸೋಕೆ ನೇರವಾಗಿ ಆಗೋ ಖರ್ಚು ಅದರಲ್ಲಿ ಸೇರಲ್ಲ. ಕೆಲವು ಕಂಪನಿಯವರು ಸಂಸ್ಥೆಗಳಿಗೂ ತಮ್ಮದೇ ಮಿತಿ ಹಾಕ್ತಾರೆ, ಹಾಗಿದ್ರೆ ಮೊದಲೇ ಕೇಳಿ ತಿಳ್ಕೊಳ್ಳಿ. ಸಂಬಳವನ್ನ ಸಂಬಳ ಅಂತಲೇ ಬರೀರಿ, ಶೇಕಡಾ ಎಷ್ಟು ಸಮಯ ಈ ಪ್ರಾಜೆಕ್ಟಿಗೆ ಅಂತ ಹೇಳಿ. ಬೇರೆ ಹೆಡ್ಡಲ್ಲಿ ಮುಚ್ಚಿಟ್ರೆ ವರ್ಷದ ಕೊನೆಗೆ ಯುಟಿಲೈಸೇಶನ್ ಸರ್ಟಿಫಿಕೇಟ್ ಮಾಡುವಾಗ ಜಾಗೃತಿ ಕಾರ್ಯಕ್ರಮದ ವೋಚರ್ ಎಲ್ಲಿ ಅಂತ ಆಡಿಟರ್ ಕೇಳ್ತಾರೆ, ಇವರ ಹತ್ರ ಇರೋದು ಸಂಬಳದ ರಿಜಿಸ್ಟರ್ ಮಾತ್ರ.

ಮಂಜೂರಾಗೋವಾಗ ಮೊತ್ತ ಕಡಿತ ಆಗೋದೂ ಇದೆ. ಆಗ ಬಜೆಟ್ ಮಾತ್ರ ತಿದ್ದಿ ಚಟುವಟಿಕೆ ಹಾಗೇ ಬಿಟ್ರೆ ಇದೇ ಸಮಸ್ಯೆ ಮತ್ತೆ ಹುಟ್ಟುತ್ತೆ, ಈ ಸಲ ಒಪ್ಪಂದದ ಒಳಗೇ. ₹20 ಲಕ್ಷ ಕೊಡ್ತೀವಿ ಅಂದ್ರೆ ಅಷ್ಟಕ್ಕೆ ಎಷ್ಟು ಕೇಂದ್ರ ಅಂತ ಲೆಕ್ಕ ಹಾಕಿ ವಾಪಸ್ ಬರೀರಿ, ಆ ಸಂಖ್ಯೆ ಒಪ್ಪಂದದ ಅನುಬಂಧದಲ್ಲಿ ಬಂದಮೇಲೆ ಸಹಿ ಹಾಕಿ.