ಬಾಯ್ ಅಂದ ಮೊಮ್ಮಗ, ಚೆನ್ನಾಗಿರು ಅಂದ ಅಜ್ಜಿ

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಕಿಟಕಿ ಪಕ್ಕ ಕೂತಿದ್ದ ಅಜ್ಜಿಗೆ ಹುಡುಗನೊಬ್ಬ ಕೆಳಗಿನಿಂದಲೇ ನೀರಿನ ಬಾಟಲಿ ಕೊಟ್ಟು "ಬಾಯ್ ಅಜ್ಜಿ" ಅಂದ. ಅಜ್ಜಿ ಕಿಟಕಿಯಿಂದ ಕೈ ಚಾಚಿ ಅವನ ತಲೆ ಮುಟ್ಟಿ "ಚೆನ್ನಾಗಿರು ಮಗಾ" ಅಂದರು. ಇಂಜಿನ್ ಸದ್ದಿನ ನಡುವೆಯೂ ಆ "ಗಾ" ಉದ್ದಕ್ಕೆ ಕೇಳಿಸಿತು.

ಅಲ್ಲಿ ಹರಸಿದ್ದು ಅಜ್ಜಿ ಒಬ್ಬರೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಹುಡುಗ ಹೇಳಿದ್ದೂ ಹರಕೆಯ ಮಾತೇ. ಅದು ಸವೆದು ಸವೆದು ಒಂದು ಚೂರು ಮಾತ್ರ ಉಳಿದಿದೆ, ಅಷ್ಟೇ.

"ಗುಡ್‌ಬೈ" ಮೊದಲು ಒಂದು ಪೂರ್ತಿ ವಾಕ್ಯವಾಗಿತ್ತು: "ಗಾಡ್ ಬಿ ವಿತ್ ಯೀ". ದೇವರು ನಿಮ್ಮ ಜೊತೆಗಿರಲಿ ಅಂತ ಅರ್ಥ. ದಿನಕ್ಕೆ ಹತ್ತು ಸಲ ಹೇಳುವ ಮಾತನ್ನು ಬಾಯಿ ಪೂರ್ತಿ ಹೇಳುವುದಿಲ್ಲ. ಮುಂದೆ ಏನು ಬರುತ್ತದೆ ಅಂತ ಕೇಳುವವನಿಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಅರ್ಧ ನುಂಗಿದರೂ ಕೆಲಸ ನಡೆಯುತ್ತದೆ. ನಾವೂ "ಹೋಗಿ ಬರುತ್ತೇನೆ" ಅನ್ನುವುದನ್ನು "ಹೋಗ್ಬರ್ತೀನಿ" ಮಾಡಿ, ಕೊನೆಗೆ ಬರೀ "ಬರ್ತೀನಿ"ಗೆ ಇಳಿಸಿದ್ದೇವಲ್ಲ, ಹಾಗೇ. ಇಂಗ್ಲಿಷಿನಲ್ಲಿ ಮೊದಲು ಸವೆದದ್ದು "ವಿತ್". 1573ರ ಹೊತ್ತಿನ ಒಂದು ಪತ್ರದಲ್ಲಿ ಆಗಲೇ "ಗಾಡ್‌ಬ್ವೈ" ಅನ್ನುವಂಥ ರೂಪ ಸಿಗುತ್ತದೆ. ಆಮೇಲೆ ಒಂದು ದೊಡ್ಡ ಬದಲಾವಣೆ ಆಯಿತು. "ಗುಡ್ ಡೇ", "ಗುಡ್ ನೈಟ್" ಅನ್ನುವವರ ಕಿವಿಗೆ ಈ "ಗಾಡ್" ಕೂಡ "ಗುಡ್" ಥರಾನೇ ಕೇಳಿಸತೊಡಗಿತು. ದೇವರು ಹೋಗಿ ಆ ಜಾಗಕ್ಕೆ "ಒಳ್ಳೆಯ" ಬಂತು. ಇದು ಸುಮ್ನೆ ಕಟ್ಟಿದ ಕಥೆಯಲ್ಲ ಅಂತ ಹೇಗೆ ಗೊತ್ತು? ನಡುವಿನ ಮೆಟ್ಟಿಲುಗಳೆಲ್ಲ ಆ ಕಾಲದ ಬರಹಗಳಲ್ಲೇ ಉಳಿದಿವೆ. ಮಾತಿನ ಮೂಲ ಹೇಳುವ ಎಷ್ಟೋ ಕಥೆಗಳಿಗೆ ಇಂಥ ಮೆಟ್ಟಿಲುಗಳೇ ಇರುವುದಿಲ್ಲ. ಆಗ ಅನುಮಾನ ಪಡುವುದೇ ಸರಿ.

ನಮ್ಮ ಹುಡುಗ ಆ "ಗುಡ್" ಅನ್ನೂ ಬಿಟ್ಟ. ಉಳಿದದ್ದು "ಬಾಯ್". ಅದರೊಳಗಿನ "ಬ್" ಅಂದರೆ "ಬಿ", "ಇರು" ಅನ್ನುವ ಕ್ರಿಯಾಪದ. ನಮ್ಮ ಪುರೋಹಿತರು "ದೀರ್ಘಾಯುಷ್ಮಾನ್ ಭವ" ಅನ್ನುವಾಗಿನ "ಭವ"ವೂ ಇಂಗ್ಲಿಷಿನ "ಬಿ"ಯೂ ಒಂದೇ ಹಳೆಯ ಬೇರಿನಿಂದ ಬಂದವು. ದೇವರು, ಜೊತೆ ಎರಡೂ ಬಿದ್ದುಹೋದರೂ "ಇರು" ಮಾತ್ರ ಉಳಿದುಕೊಂಡಿದೆ. ಅಜ್ಜಿಯ "ಚೆನ್ನಾಗಿರು" ಕೊನೆಯಲ್ಲಿರುವುದೂ ಅದೇ "ಇರು" ಅಲ್ವಾ?

ಹಾಗಾದರೆ ಒಂದು ಮಾತು ಇನ್ನೂ ಹರಕೆಯಾಗಿ ಉಳಿದಿದೆಯೋ, ಬರೀ ರೂಢಿಯ ಮಾತಾಗಿದೆಯೋ ಅಂತ ಕಂಡುಹಿಡಿಯುವುದು ಹೇಗೆ? ಅದನ್ನು ತಿರುಗಿಸಿ ಹೇಳಿ ನೋಡಬೇಕು. "ಬಾಯ್" ಅಂದವರಿಗೆ "ಬಾಯ್" ಅಂತ ಯಾರು ಬೇಕಾದರೂ ವಾಪಸ್ ಹೇಳಬಹುದು. ಆದರೆ ಆ ಹುಡುಗ ಅಜ್ಜಿಗೆ ತಿರುಗಿ "ಚೆನ್ನಾಗಿರು ಅಜ್ಜಿ" ಅಂದಿದ್ದರೆ ಬಸ್ಸಿನಲ್ಲಿದ್ದವರೆಲ್ಲ ಅವನ ಮುಖ ನೋಡುತ್ತಿದ್ದರು. ನಮ್ಮಲ್ಲಿ ಹರಕೆ ಹಿರಿಯರಿಂದ ಕಿರಿಯರ ಕಡೆಗೆ ಇಳಿಯುತ್ತದೆ. ಅದಕ್ಕೊಂದು ದಿಕ್ಕಿದೆ. ಆ ದಿಕ್ಕು ಇರುವವರೆಗೆ ಅರ್ಥಕ್ಕೂ ಜೀವ ಇರುತ್ತದೆ ಅನ್ನುವುದು ನನ್ನ ಎಣಿಕೆ. ಆದರೆ ಎಲ್ಲ ಕಡೆಯೂ ಹೀಗಿಲ್ಲ. "ಅಸ್ಸಲಾಮು ಅಲೈಕುಮ್" ಎರಡೂ ಕಡೆಗೆ ಓಡಾಡುವ ಹರಕೆ. "ನಿಮ್ಮ ಮೇಲೆ ಶಾಂತಿ ಇರಲಿ" ಅಂದವರಿಗೆ "ನಿಮ್ಮ ಮೇಲೂ ಶಾಂತಿ" ಅಂತ ಮಾತನ್ನು ಹಿಂದುಮುಂದಾಗಿಸಿ ಹೇಳಲೇಬೇಕು: "ವ ಅಲೈಕುಮುಸ್ಸಲಾಮ್". ಶಾಂತಿ ಅಂದೆ ನಿಜ. ಆದರೆ ಅರಬಿಯ "ಸಲಾಮ್" ಪದದ ಬೇರು ಸ-ಲ-ಮ. ಅದರೊಳಗೆ ಊನವಿಲ್ಲದೆ, ಪೆಟ್ಟಾಗದೆ, ಇಡಿಯಾಗಿ ಇರುವುದು ಅನ್ನುವ ಅರ್ಥ ಕೂತಿದೆ. ಹೀಬ್ರೂ ಭಾಷೆಯ "ಶಾಲೋಮ್" ಇದೇ ಬೇರಿನ ಮಾತು.

ಕನ್ನಡದಲ್ಲಿ ಹರಕೆಗೆ ಒದಗುವ ಒಂದು ಪ್ರತ್ಯಯ ಇದೆ. "ಒಳ್ಳೇದಾಗ್ಲಿ", "ನೂರು ವರ್ಷ ಬಾಳಲಿ" ಅನ್ನುವಾಗಿನ "ಲಿ". ಇದು ಹೊಸ ಕಾಲದ್ದು. ಹಳಗನ್ನಡದಲ್ಲಿ ಇದರ ಜಾಗದಲ್ಲಿ "ಗೆ" ಇತ್ತು: "ಬಾೞ್ಗೆ" ಅಂದರೆ ಬಾಳಲಿ. ಇದನ್ನು ನೋಡಲು ಪುಸ್ತಕವೇ ಬೇಕು ಅಂತಿಲ್ಲ. ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡುವ ತಮಿಳು ಮನೆಯವರನ್ನು ಕೇಳಿ. ಅವರಲ್ಲಿ "ಬಾಳಲಿ" ಅನ್ನುವುದಕ್ಕೆ ಇವತ್ತಿಗೂ "ವಾೞ್ಗ" ಅಂತಾರೆ. ತಮಿಳಿನಲ್ಲಿ ಮಾತಿನ ಮೊದಲಿಗೆ "ವ" ಇದ್ದ ಕಡೆ ನಮ್ಮಲ್ಲಿ ಎಷ್ಟೋ ಸಲ "ಬ" ಬರುತ್ತದೆ. ಅವರ "ವೇರ್" ನಮ್ಮ ಬೇರು, ಅವರ "ವಿರಲ್" ನಮ್ಮ ಬೆರಳು. ಹಾಗೇ ಅವರ "ವಾೞ್ಗ" ನಮ್ಮ "ಬಾೞ್ಗೆ". ನಾವು ಬಿಟ್ಟ ಪ್ರತ್ಯಯವನ್ನು ಅವರು ಇಟ್ಟುಕೊಂಡಿದ್ದಾರೆ.

ಈ "ಲಿ"ಗೆ ಇನ್ನೊಂದು ಮುಖವೂ ಇದೆ. "ಒಳ್ಳೇದಾಗ್ಲಿ" ಅಂದ ಬಾಯಿಯೇ ಸಿಟ್ಟು ಬಂದರೆ "ಹಾಳಾಗ್ಲಿ" ಅನ್ನುತ್ತದೆ. ವ್ಯಾಕರಣದ ಲೆಕ್ಕದಲ್ಲಿ ಹರಕೆಗೂ ಶಾಪಕ್ಕೂ ಅಚ್ಚು ಒಂದೇ. ಎರಡೂ ಇನ್ನೂ ಆಗದ ಒಂದು ವಿಷಯವನ್ನು ಆಗು ಅನ್ನುತ್ತವೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಇವೆ. ಸುಮಾರು 450ನೇ ಇಸವಿಯ, 16 ಸಾಲಿನ ಶಾಸನ ಅದು. ಕೊನೆಯ ಕಡೆ, ಅದರಲ್ಲಿ ಹೇಳಿರುವ ದಾನವನ್ನು ಹಾಳುಮಾಡಿದವನಿಗೆ "ಮಹಾಪಾತಕಮ್" ಅಂತ ಬರೆದಿದೆ. ಅದಾದ ತಕ್ಷಣ ಬರುವ ಪದ "ಸ್ವಸ್ತಿ". ಸು ಅಂದರೆ ಒಳ್ಳೆಯದು, ಅಸ್ತಿ ಅಂದರೆ ಇದೆ. ಇಲ್ಲೂ ನೋಡಿ, ಒಳಗೆ ಕೂತಿರುವುದು "ಇರು".

ಇನ್ನು ಅಜ್ಜಿಯ ಆ ಉದ್ದನೆಯ "ಗಾ". ಸುಮಾರು 2,400 ವರ್ಷಗಳ ಹಿಂದೆ ಪಾಣಿನಿ ಇದಕ್ಕೇ ಒಂದು ಸೂತ್ರ ಬರೆದಿದ್ದಾನೆ. ಕಿರಿಯ ತನ್ನ ಹೆಸರು ಹೇಳಿ ನಮಸ್ಕರಿಸಿದರೆ, ಹಿರಿಯ ಹರಸುವಾಗ ಕೊನೆಯ ಸ್ವರವನ್ನು ಮೂರು ಮಾತ್ರೆಯಷ್ಟು ಎಳೆಯಬೇಕು. "ಆಯುಷ್ಮಾನೇಧಿ ದೇವದತ್ತ೩" ಅಂತ ಉದಾಹರಣೆ ಕೊಡುತ್ತಾರೆ. ಹೆಸರಿನ ಮುಂದಿರುವ ಆ ಮೂರೇ ಎಳೆತದ ಗುರುತು. ಸಾಮಾನ್ಯ ದೀರ್ಘಕ್ಕೆ ಎರಡು ಮಾತ್ರೆ, ಇದಕ್ಕೆ ಮೂರು. ಇದಕ್ಕೆ ಪ್ಲುತ ಅಂತ ಹೆಸರು. ಇಲ್ಲಿ ನೋವಾಗುವ ವಿಷಯವೂ ಒಂದಿದೆ. ಶೂದ್ರರಿಗೆ ಹೀಗೆ ಎಳೆದು ಹರಸುವಂತಿಲ್ಲ ಅಂತ ಸೂತ್ರದಲ್ಲೇ ಇದೆ. ಆಮೇಲೆ ಬಂದ ವ್ಯಾಕರಣದವರು ಹೆಂಗಸರನ್ನೂ ಹೊರಗಿಟ್ಟರು. ಒಂದು ಸ್ವರದ ಉದ್ದದಲ್ಲೂ ಯಾರು ಒಳಗೆ, ಯಾರು ಹೊರಗೆ ಅಂತ ಗೆರೆ ಎಳೆದಿದ್ದರು.

ಅಜ್ಜಿ ಎಳೆದದ್ದು ಆ ಸೂತ್ರದಿಂದ ಬಂತು ಅಂತ ನಾನು ಹೇಳುತ್ತಿಲ್ಲ. ದೂರದಲ್ಲಿರುವವರನ್ನು ಕರೆಯುವಾಗ ಎಲ್ಲರೂ ಸ್ವರ ಎಳೆಯುತ್ತಾರೆ. ಪಾಣಿನಿ ಅದನ್ನೂ ಮರುಸೂತ್ರದಲ್ಲೇ ಗುರುತಿಸಿದ್ದಾನೆ. ಬಾಯಿಗೆ ಸಹಜವಾದದ್ದನ್ನು ಅವನು ಕಿವಿಗೊಟ್ಟು ಕೇಳಿ, ಅಳೆದು, ಬರೆದಿಟ್ಟ. ಆದರೆ ಇಲ್ಲಿ ಮೊಮ್ಮಗ ದೂರದಲ್ಲಿರಲಿಲ್ಲ. ಅಜ್ಜಿಯ ಕೈ ಅವನ ತಲೆಯ ಮೇಲೇ ಇತ್ತು.

ಕಂಡಕ್ಟರ್ ವಿಷಲ್ ಹಾಕಿದರು. ಸಲಾಮಿಗೆ ಇರುವ ಹಾಗೆ ನಮ್ಮ ಹರಕೆಗೆ ಗೊತ್ತಾದ ಮರುಮಾತಿಲ್ಲ. ಹುಡುಗ ತಲೆಯನ್ನು ಸ್ವಲ್ಪ ಬಗ್ಗಿಸಿ "ಹ್ಞೂಂ" ಅಂದ.