ಬ್ಲಡ್ ಗ್ರೂಪ್ ಬೇರೆ ಇದ್ದರೆ ಥಲಸ್ಸೀಮಿಯಾ ಟೆಸ್ಟ್ ಬೇಡವಾ?

ಪ್ರಶ್ನೆ: ನಾನು ನನ್ನ ಸೋದರಮಾವನನ್ನೇ ಮದುವೆಯಾಗಿದ್ದೇನೆ. ಈಗ ಮಗು ಬೇಕು ಅಂದುಕೊಂಡಿದ್ದೇವೆ. ಮೊದಲು ಇಬ್ಬರೂ ಥಲಸ್ಸೀಮಿಯಾ, ಸಿಕಲ್ ಸೆಲ್ ಟೆಸ್ಟ್ ಮಾಡಿಸಿ ಅಂತ ಡಾಕ್ಟರ್ ಹೇಳಿದರು. ಆದರೆ ನನ್ನದು ಬಿ ಪಾಸಿಟಿವ್, ಅವರದು ಒ ಪಾಸಿಟಿವ್. ಗ್ರೂಪ್ ಬೇರೆ ಇದೆಯಲ್ಲ, ಏನೂ ಆಗಲ್ಲ ಅಂತ ಮನೆಯವರು ಹೇಳುತ್ತಾರೆ. ಟೆಸ್ಟ್ ಬೇಕೇ ಬೇಕಾ?

ಬೇಕು. ಇಬ್ಬರಿಗೂ ಬೇಕು. ಗರ್ಭ ನಿಲ್ಲುವ ಮೊದಲೇ ಬೇಕು.

ಈ ಬ್ಲಡ್ ಗ್ರೂಪ್ ಮಾತಿಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಆದ್ದರಿಂದ ಈ ಸಲ ಅದನ್ನೇ ಪೂರ್ತಿ ಬಿಡಿಸಿ ಹೇಳುತ್ತೇನೆ.

ಎ, ಬಿ, ಒ ಅನ್ನುವುದು ಕೆಂಪು ರಕ್ತಕಣದ ಹೊರಮೈ ಮೇಲಿರುವ ಗುರುತು. ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಕಣದ ಒಳಗಿರುವ ಹಿಮೋಗ್ಲೋಬಿನ್‌ಗೆ ಸಂಬಂಧಿಸಿದ ಅನುವಂಶೀಯ ಕಾಯಿಲೆಗಳು. ಡಬ್ಬಿಯ ಮೇಲಿನ ಚೀಟಿಯ ಬಣ್ಣ ನೋಡಿ ಒಳಗಿನ ಬೇಳೆಗೆ ಹುಳ ಹಿಡಿದಿದೆಯಾ ಅಂತ ಹೇಳೋಕಾಗಲ್ಲ ಅಲ್ವಾ, ಇದೂ ಹಾಗೆಯೇ. ಗ್ರೂಪ್ ತೀರ್ಮಾನಿಸುವ ಜೀನ್ 9ನೇ ಕ್ರೋಮೋಸೋಮ್‌ನಲ್ಲಿದೆ. ಪಾಸಿಟಿವ್, ನೆಗೆಟಿವ್ ತೀರ್ಮಾನಿಸುವುದು 1ನೇ ಕ್ರೋಮೋಸೋಮ್‌ನಲ್ಲಿದೆ. ನಾವು ಹುಡುಕುತ್ತಿರುವುದು ಹಿಮೋಗ್ಲೋಬಿನ್‌ನ ಒಂದು ಭಾಗವನ್ನು ತಯಾರಿಸುವ ಬೀಟಾ ಗ್ಲೋಬಿನ್ ಜೀನ್, ಅದು ಇರುವುದು 11ನೇ ಕ್ರೋಮೋಸೋಮ್‌ನಲ್ಲಿ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ದಾರಿಯೇ ಇಲ್ಲ.

ಇನ್ನು "ಗ್ರೂಪ್ ಬೇರೆ, ಹಾಗಾಗಿ ರಕ್ತ ಬೇರೆ" ಅನ್ನುವ ವಾದ. ಅಪ್ಪ ಎ, ಅಮ್ಮ ಬಿ ಅಂದುಕೊಳ್ಳಿ. ಇಬ್ಬರಲ್ಲೂ ಕಾಣದ ಹಾಗೆ ಒಂದೊಂದು ಒ ಅಡಗಿದ್ದರೆ, ಅವರ ನಾಲ್ಕು ಮಕ್ಕಳು ಎ, ಬಿ, ಎಬಿ, ಒ ಅಂತ ನಾಲ್ಕು ಗ್ರೂಪಿನವರಾಗಬಹುದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಗ್ರೂಪೇ ಬೇರೆ ಬೇರೆ ಇರುವಾಗ, ಗ್ರೂಪ್ ನೋಡಿ ಸಂಬಂಧ ದೂರವಾಯಿತು ಅನ್ನುವುದು ಹೇಗೆ? ತಿರುಗಿಸಿ ನೋಡಿದರೂ ಅಷ್ಟೇ. ಗಂಡ ಹೆಂಡತಿ ಇಬ್ಬರದೂ ಒ ಪಾಸಿಟಿವ್ ಇದ್ದರೆ ಮಗುವಿಗೆ ಅದರಿಂದ ಏನೂ ಆಗುವುದಿಲ್ಲ.

ಈ ನಂಬಿಕೆ ಹುಟ್ಟಿದ್ದು ಬಹುಶಃ ಆರ್‌ಎಚ್, ಅಂದರೆ ಪಾಸಿಟಿವ್ ನೆಗೆಟಿವ್ ವಿಷಯದಿಂದ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ತಾಯಿಯ ದೇಹದಲ್ಲಿ ಮಗುವಿನ ರಕ್ತಕಣಗಳ ವಿರುದ್ಧ ಪ್ರತಿಕಾಯ ಹುಟ್ಟಬಹುದು. ಮುಂದಿನ ಬಸಿರಿಗೆ ಅದು ತೊಂದರೆ. ಅದಕ್ಕೆ ಆಂಟಿ-ಡಿ ಇಂಜೆಕ್ಷನ್ ಇದೆ. ಅದು ನಿಜವಾದ ಸಮಸ್ಯೆ, ಆದರೆ ಬೇರೆಯೇ ಸಮಸ್ಯೆ. ನಿಮ್ಮಿಬ್ಬರದೂ ಪಾಸಿಟಿವ್ ಆದ್ದರಿಂದ ಅದರ ಚಿಂತೆ ಇಲ್ಲ. ಥಲಸ್ಸೀಮಿಯಾ ಬಗ್ಗೆ ಅದರಿಂದ ಏನೂ ಗೊತ್ತಾಗಿಲ್ಲ.

ಈಗ ಸಂಬಂಧದ ವಿಷಯ. ಹತ್ತಿರದ ಸಂಬಂಧದಲ್ಲಿ ಮದುವೆಯಾದ ಮಾತ್ರಕ್ಕೆ ಕಾಯಿಲೆ ಹೊಸದಾಗಿ ಹುಟ್ಟುವುದಿಲ್ಲ. ಕುಟುಂಬದಲ್ಲಿ ಮೊದಲೇ ಒಂದು ದೋಷವಿರುವ ಜೀನ್ ಇದ್ದರೆ, ಅದು ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿಯಾಗುತ್ತದೆ. ಅಂಥ ಜೀನ್‌ನ ಒಂದೇ ಪ್ರತಿ ಇರುವವರನ್ನು ವಾಹಕರು ಅನ್ನುತ್ತಾರೆ. ಅಪ್ಪ ಅಮ್ಮ ಇಬ್ಬರಿಂದಲೂ ಅದು ಬಂದರೆ ಮಗುವಿಗೆ ಕಾಯಿಲೆ. ನೂರಕ್ಕೆ ನಾಲ್ವರು ವಾಹಕರಿರುವ ಜನರ ನಡುವೆ, ನೀವು ವಾಹಕಿಯಾಗಿದ್ದು ಸಂಬಂಧವಿಲ್ಲದವರನ್ನು ಮದುವೆಯಾದರೆ ಅವರೂ ವಾಹಕರಾಗಿರುವ ಸಾಧ್ಯತೆ 25ರಲ್ಲಿ ಒಂದು. ಸೋದರಮಾವನಾದರೆ ಅದು ಸುಮಾರು ನಾಲ್ಕರಲ್ಲಿ ಒಂದು. ಅತ್ತೆಯ ಮಗ ಅಥವಾ ಮಾವನ ಮಗನಾದರೆ ಸುಮಾರು ಎಂಟರಲ್ಲಿ ಒಂದು. "ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ" ಅನ್ನುವುದರಿಂದ ಧೈರ್ಯ ತಂದುಕೊಳ್ಳಬೇಡಿ. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಜೀನ್ ಹಲವು ತಲೆಮಾರು ಸದ್ದಿಲ್ಲದೆ ಸಾಗಿ ಬರಬಹುದು.

ಟೆಸ್ಟ್ ಅಂದರೆ ಏನು? ರಕ್ತಕಣಗಳನ್ನು ಎಣಿಸಿ ಅಳೆಯುವ ಒಂದು ಸಿಬಿಸಿ, ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಒಂದು ಎಚ್‌ಪಿಎಲ್‌ಸಿ. ಎರಡಕ್ಕೂ ರಕ್ತದ ಮಾದರಿ ಸಾಕು. ನಿಮ್ಮದೇ ಸಂಬಂಧದ ಒಂದು ಜೋಡಿಯ ರಿಪೋರ್ಟ್ ಹೀಗಿದೆ ಅಂದುಕೊಳ್ಳಿ. ಹೆಂಡತಿಯ ಹಿಮೋಗ್ಲೋಬಿನ್ 10.9. ಕೆಂಪು ಕಣಗಳ ಎಣಿಕೆ 56 ಲಕ್ಷ. ಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 63. ಸಾಮಾನ್ಯವಾಗಿ ಅದು 80ಕ್ಕಿಂತ ಮೇಲಿರಬೇಕು. ಕಣಗಳು ತುಂಬಾ ಸಣ್ಣ, ಆದರೆ ಎಣಿಕೆ ಹೆಚ್ಚು. ಬರೀ ಕಬ್ಬಿಣದ ಕೊರತೆಯಾಗಿದ್ದರೆ ಎಣಿಕೆ ಇಷ್ಟು ಇರುವುದು ಅಪರೂಪ. ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ2 ಶೇಕಡಾ 5.2 ಬಂತು. 4ರ ಮೇಲೆ ಇದ್ದರೆ ಬೀಟಾ ಥಲಸ್ಸೀಮಿಯಾ ವಾಹಕಿ ಅಂತ ಲೆಕ್ಕ.

ಗಂಡನ ಹಿಮೋಗ್ಲೋಬಿನ್ 14.2, ಎಂಸಿವಿ 88. ಎಲ್ಲ ಸರಿ ಇದೆ, ಇವರಿಗೆ ಎಚ್‌ಪಿಎಲ್‌ಸಿ ಬೇಡ ಅಂತ ಬಿಟ್ಟುಬಿಡುವುದು ಸುಲಭ. ತಪ್ಪಾಗುವುದೇ ಇಲ್ಲಿ. ಸಿಕಲ್ ಸೆಲ್ ವಾಹಕರ ಸಿಬಿಸಿ ಪೂರ್ತಿ ಸರಿಯಾಗಿಯೇ ಇರಬಹುದು. ಎಚ್‌ಪಿಎಲ್‌ಸಿ ಮಾಡಿದಾಗ ಅವರ ರಕ್ತದಲ್ಲಿ ಶೇಕಡಾ 38ರಷ್ಟು ಹಿಮೋಗ್ಲೋಬಿನ್ ಎಸ್, ಅಂದರೆ ಸಿಕಲ್ ಸೆಲ್‌ನ ಹಿಮೋಗ್ಲೋಬಿನ್, ಕಂಡಿತು.

ಅವಳದು ಥಲಸ್ಸೀಮಿಯಾ, ಅವನದು ಸಿಕಲ್, ಬೇರೆ ಬೇರೆ ತಾನೇ ಅನ್ನಬೇಡಿ. ಎರಡೂ ಒಂದೇ ಬೀಟಾ ಜೀನ್‌ನ ದೋಷಗಳು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ, ಮಗುವಿಗೆ ಎರಡೂ ಸೇರಿ ಬರುತ್ತವೆ. ಅದಕ್ಕೆ ಸಿಕಲ್ ಬೀಟಾ ಥಲಸ್ಸೀಮಿಯಾ ಅನ್ನುತ್ತಾರೆ. ಕೆಲವು ಬಗೆಗಳಲ್ಲಿ ಅದು ಸಿಕಲ್ ಸೆಲ್ ಕಾಯಿಲೆಯಷ್ಟೇ ಕಷ್ಟ ಕೊಡುತ್ತದೆ. ಮೊದಲ ಮಗು ಚೆನ್ನಾಗಿದ್ದರೆ ಎರಡನೆಯದಕ್ಕೆ ಸಾಧ್ಯತೆ ಕಡಿಮೆಯಾಗುವುದೂ ಇಲ್ಲ. ಇನ್ನೊಂದು ಗಮನಿಸಿ. ಇವರಲ್ಲಿ ಎರಡು ದೋಷಗಳೂ ಬೇರೆ ಬೇರೆ, ಅಂದರೆ ಅವಳದು ಅವಳ ಅಪ್ಪನ ಕಡೆಯಿಂದಲೇ ಬಂದಿರಬಹುದು. ಸಂಬಂಧವಿಲ್ಲದ ಜೋಡಿಗೂ ಹೀಗೇ ಆಗಬಹುದಿತ್ತು.

ಇಬ್ಬರೂ ವಾಹಕರು ಅಂತ ಗೊತ್ತಾದರೆ ಡಿಎನ್‌ಎ ಟೆಸ್ಟ್‌ನಿಂದ ಯಾವ ದೋಷ ಅಂತ ಗುರುತಿಸಿಡುತ್ತಾರೆ. ಆಮೇಲೆ ಗರ್ಭ ನಿಂತರೆ 11ರಿಂದ 13ನೇ ವಾರದೊಳಗೆ ಮಾಸಿನ ಚೂರು ತೆಗೆದು ಮಗುವಿನ ಸ್ಥಿತಿ ನೋಡಬಹುದು. ಐವಿಎಫ್‌ನಲ್ಲಿ ಭ್ರೂಣ ಪರೀಕ್ಷಿಸುವ ದಾರಿಯೂ ಇದೆ. ಬಸಿರಾದ ಮೇಲೆ ಟೆಸ್ಟ್ ಶುರುಮಾಡಿದರೆ ಈ ವಾರಗಳು ರಿಪೋರ್ಟ್ ಕಾಯುವುದರಲ್ಲೇ ಕಳೆದುಹೋಗುತ್ತವೆ. ಯಾವ ದಾರಿ ಹಿಡಿಯಬೇಕು ಅನ್ನುವುದು ನಿಮ್ಮಿಬ್ಬರ ತೀರ್ಮಾನ. ಕೌನ್ಸೆಲರ್ ಅದನ್ನು ನಿಮ್ಮ ಮೇಲೆ ಹೇರಬಾರದು.

ಸಂಬಂಧದಲ್ಲಿ ಮದುವೆಯಾದವರಿಗೆ ಕೌನ್ಸೆಲಿಂಗ್ ಇಲ್ಲಿಗೆ ಮುಗಿಯುವುದಿಲ್ಲ. ಮೂರು ತಲೆಮಾರಿನ ವಂಶವೃಕ್ಷ ಬರೆಸುತ್ತಾರೆ. ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು, ಪದೇಪದೇ ರಕ್ತ ಹಾಕಿಸಿಕೊಂಡವರು, ಹುಟ್ಟು ಕಿವುಡರು, ಯಾರನ್ನೂ ಮುಚ್ಚಿಡಬೇಡಿ. ಎಚ್‌ಪಿಎಲ್‌ಸಿ ಸರಿ ಬಂದರೆ ಹಿಮೋಗ್ಲೋಬಿನ್ ವಿಷಯದಲ್ಲಿ ಬಹುಮಟ್ಟಿಗೆ ನಿಶ್ಚಿಂತೆ. ಬೇರೆ ಅನುವಂಶೀಯ ಕಾಯಿಲೆಗಳ ಬಗ್ಗೆ ಅದು ಏನೂ ಹೇಳುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಕಬ್ಬಿಣದ ಮಾತ್ರೆಯ ಬಗ್ಗೆ ಹೇಳಲೇಬೇಕು. ಆ ಹೆಂಡತಿಯಂಥವರು ಹಿಮೋಗ್ಲೋಬಿನ್ 10.9 ಅಂತ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುತ್ತಾರೆ. ವಾಹಕರ ಕಣ ಸಣ್ಣದಿರುವುದು ಕಬ್ಬಿಣ ಸಾಲದೆ ಅಲ್ಲ, ಮಾತ್ರೆಯಿಂದ ಅದು ದೊಡ್ಡದಾಗುವುದೂ ಇಲ್ಲ. ಮೊದಲು ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ನೋಡಿ, ಕಡಿಮೆ ಇದ್ದರೆ ಮಾತ್ರ ಕಬ್ಬಿಣ. ಹಾಗಂತ ಕಬ್ಬಿಣದ ಕೊರತೆಯನ್ನು ಅಲಕ್ಷಿಸುವ ಹಾಗೂ ಇಲ್ಲ. ಅದು ಎ2 ಅಂಕಿಯನ್ನು ಸ್ವಲ್ಪ ಇಳಿಸುತ್ತದೆ. ಎ2 3.5ರ ಆಸುಪಾಸು ಬಂದು ಫೆರಿಟಿನ್ ಕಡಿಮೆ ಇದ್ದರೆ, ಎರಡು ಮೂರು ತಿಂಗಳು ಕಬ್ಬಿಣ ಕೊಟ್ಟು ಮತ್ತೆ ಎಚ್‌ಪಿಎಲ್‌ಸಿ ಮಾಡಬೇಕು. ಆದರೆ ಆಗಲೇ ಬಸಿರಾಗಿದ್ದರೆ ಕಾಯಬೇಡಿ. ಅದೇ ವಾರ ಗಂಡನ ರಕ್ತವನ್ನು ಟೆಸ್ಟ್‌ಗೆ ಕೊಡಿಸಿ. ಇಬ್ಬರಲ್ಲಿ ಯಾರಿಗಾದರೂ ಇತ್ತೀಚೆಗೆ ರಕ್ತ ಹಾಕಿದ್ದರೆ ಅದನ್ನೂ ಲ್ಯಾಬಿನವರಿಗೆ ಹೇಳಿ. ಸುಮಾರು ಮೂರು ತಿಂಗಳವರೆಗೆ ಎಚ್‌ಪಿಎಲ್‌ಸಿಯಲ್ಲಿ ಕೊಟ್ಟವರ ಹಿಮೋಗ್ಲೋಬಿನ್ ಕೂಡ ಸೇರಿಕೊಂಡು ಬರುತ್ತದೆ.