ಓದುಗರ ಪ್ರಶ್ನೆ: ಕನ್ನಡ ಹ್ಯಾಶ್‌ಟ್ಯಾಗ್ ಅರ್ಧಕ್ಕೇ ತುಂಡಾಗುವುದೇಕೆ?

ಪ್ರಶ್ನೆ: #ರಾಜ್‌ಕುಮಾರ್ ಎಂದು ಬರೆದು ಹಾಕಿದರೆ ಒಂದು ಕಡೆ #ರಾಜ್ ಮಾತ್ರ ಕೊಂಡಿಯಾಗುತ್ತದೆ, ಉಳಿದದ್ದು ಸಾದಾ ಪಠ್ಯವಾಗಿಯೇ ಉಳಿಯುತ್ತದೆ. ಇನ್ನೊಂದು ಕಡೆ ಪೂರ್ತಿ ಪದವೇ ಕೊಂಡಿಯಾಗುತ್ತದೆ. ಇದಕ್ಕೆ ಕಾರಣವೇನು? ಪ್ರಕಟಿಸುವ ಮೊದಲೇ ಇದನ್ನು ತಿಳಿಯಬಹುದೇ?

ಉತ್ತರ: ತಿಳಿಯಬಹುದು. ಪದ ಎಲ್ಲಿ ತುಂಡಾಯಿತು ಎಂಬುದನ್ನು ಗಮನಿಸಿದರೆ ಕಾರಣವೂ ಬಹುಮಟ್ಟಿಗೆ ಗೊತ್ತಾಗುತ್ತದೆ.

ಕನ್ನಡದಲ್ಲಿ ವ್ಯಂಜನದ ಮುಂದೆ ಹಲಂತ ಚಿಹ್ನೆ (್), ಅದರ ಮುಂದೆ ಇನ್ನೊಂದು ವ್ಯಂಜನ ಬಂದರೆ ಎರಡನೆಯದು ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಜ್ ಮತ್ತು ಕು ಸೇರಿದರೆ ಪದವು ‘ರಾಜ್ಕುಮಾರ್’ ಎಂದಾಗುತ್ತದೆ. ಹಾಗಾಗದಂತೆ ತಡೆಯಲು ನಡುವೆ ZWNJ ಎಂಬ ಕಣ್ಣಿಗೆ ಕಾಣದ ಅಕ್ಷರವನ್ನು ಇಡಲಾಗುತ್ತದೆ. ‘ಹ್ಯಾಶ್‌ಟ್ಯಾಗ್’ ಎಂಬ ಪದದ ನಡುವೆಯೂ ಅದು ಕುಳಿತಿದೆ. ಯುನಿಕೋಡ್‌ನಲ್ಲಿ ಇದರ ಸಂಕೇತ U+200C. ಅಲ್ಲಿ ಇದನ್ನು ಅಕ್ಷರಗಳ ವರ್ಗಕ್ಕಾಗಲಿ ಸ್ವರ ಚಿಹ್ನೆಗಳ ವರ್ಗಕ್ಕಾಗಲಿ ಸೇರಿಸದೆ, ವಿನ್ಯಾಸ ನಿಯಂತ್ರಿಸುವ ಬೇರೆಯದೇ ವರ್ಗದಲ್ಲಿ ಇರಿಸಲಾಗಿದೆ.

ಹ್ಯಾಶ್‌ಟ್ಯಾಗ್ ಗುರುತಿಸುವ ತಂತ್ರಾಂಶವು # ಚಿಹ್ನೆಯಿಂದ ಮುಂದಕ್ಕೆ ಓದುತ್ತಾ ಹೋಗಿ, ತನ್ನ ಪಟ್ಟಿಯಲ್ಲಿ ಇಲ್ಲದ ಅಕ್ಷರ ಸಿಕ್ಕಿದ ಕೂಡಲೇ ನಿಂತುಬಿಡುತ್ತದೆ. ಆ ಪಟ್ಟಿಯಲ್ಲಿ ಅಕ್ಷರಗಳೂ ಸ್ವರ ಚಿಹ್ನೆಗಳೂ ಇದ್ದು ZWNJ ಮಾತ್ರ ಇಲ್ಲದಿದ್ದರೆ ನಿಮಗೆ ಕಂಡಂತೆ #ರಾಜ್ ಎಂಬಲ್ಲಿಗೆ ನಿಲ್ಲುತ್ತದೆ. ಸ್ವರ ಚಿಹ್ನೆಗಳನ್ನೂ ಬಿಟ್ಟು ಬರೀ ಅಕ್ಷರಗಳನ್ನಷ್ಟೇ ಒಪ್ಪುವ ತಂತ್ರಾಂಶದಲ್ಲಿ ಮೊದಲ ‘ಾ’ ಚಿಹ್ನೆಗೇ ನಿಂತು #ರ ಮಾತ್ರ ಉಳಿಯುತ್ತದೆ. ಪೈಥಾನ್ ಭಾಷೆಯ `re` ಎಂಬ ಭಾಗದಲ್ಲಿ `#\w+` ಎಂದು ಹುಡುಕಿದರೆ ಆಗುವುದು ಇದೇ, ಅಲ್ಲಿ #ಕನ್ನಡ ಕೂಡ #ಕನ ಆಗುತ್ತದೆ. ಟ್ವಿಟರ್ ಸಂಸ್ಥೆ ಸಾರ್ವಜನಿಕವಾಗಿ ಬಿಡುಗಡೆ ಮಾಡಿದ twitter-text ಸಂಗ್ರಹದ ನಿಯಮವು ಸ್ವರ ಚಿಹ್ನೆಗಳ ಜೊತೆಗೆ ZWNJ ಮತ್ತು ಅದರಂತೆಯೇ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರವಾದ ZWJ ಎರಡನ್ನೂ ಒಪ್ಪುತ್ತದೆ. ಒಂದೇ ಪದ ಒಂದು ಕಡೆ ಪೂರ್ತಿಯಾಗಿ, ಇನ್ನೊಂದು ಕಡೆ ತುಂಡಾಗಿ ಕಾಣುವುದು ಈ ಪಟ್ಟಿಗಳು ಬೇರೆ ಬೇರೆಯಾಗಿರುವುದರಿಂದ.

ಹೀಗಾಗಿ ಪರೀಕ್ಷೆಗೆ ಎರಡು ಪದಗಳು ಸಾಕು. ನಿಮಗೆ ಮಾತ್ರ ಕಾಣುವಂತೆ ಹೊಂದಿಸಿದ ಒಂದು ಪೋಸ್ಟ್‌ನಲ್ಲಿ #ಕನ್ನಡ ಮತ್ತು #ರಾಜ್‌ಕುಮಾರ್ ಎರಡನ್ನೂ ಹಾಕಿ ನೋಡಿ. ಮೊದಲನೆಯದೇ ತುಂಡಾದರೆ ಆ ತಾಣದಲ್ಲಿ ಒತ್ತಕ್ಷರವಿರುವ ಯಾವ ಟ್ಯಾಗ್ ಕೂಡ ನಿಲ್ಲುವುದಿಲ್ಲ. ಎರಡನೆಯದು ಮಾತ್ರ ತುಂಡಾದರೆ ದೋಷ ZWNJ ಒಂದರದ್ದೇ. ಬರೆಯುವಾಗ ಪೆಟ್ಟಿಗೆಯಲ್ಲಿ ಕಾಣುವ ಬಣ್ಣವನ್ನು ನಂಬಬೇಡಿ, ಏಕೆಂದರೆ ಅಲ್ಲಿನ ನಿಯಮವೂ ಪ್ರಕಟವಾದ ಮೇಲಿನ ನಿಯಮವೂ ಒಂದೇ ಆಗಿರಬೇಕೆಂದಿಲ್ಲ. ಪ್ರಕಟವಾದುದನ್ನು ಫೋನಿನ ಆ್ಯಪ್‌ನಲ್ಲಿಯೂ ಬ್ರೌಸರಿನಲ್ಲಿಯೂ ಒತ್ತಿ ನೋಡುವುದು ಒಳ್ಳೆಯದು.

‘ರ‍್ಯಾಲಿ’ಯಂಥ ಪದವನ್ನು ಮಾತ್ರ ಪರೀಕ್ಷೆಗೆ ಆರಿಸಬೇಡಿ. ಅರ್ಕಾವತ್ತು ಬಾರದಂತೆ ತಡೆಯಲು ಅಲ್ಲಿ ರ ಅಕ್ಷರದ ಬೆನ್ನಿಗೇ ZWJ (U+200D) ಇರುತ್ತದೆ. ಹಾಗಾಗಿ ಮೇಲಿನ ಎರಡು ದೋಷಗಳಲ್ಲಿ ಯಾವುದಿದ್ದರೂ #ರ ಮಾತ್ರ ಉಳಿದು, ಕಾರಣ ತಿಳಿಯುವುದಿಲ್ಲ. ಕೆಲವರ ಬರಹದಲ್ಲಿ ಹಲಂತ ಮೊದಲು, ZWJ ಆಮೇಲೆ ಬರುವುದೂ ಉಂಟು. ಕಣ್ಣಿಗೆ ಎರಡೂ ಒಂದೇ ರೀತಿ ಕಂಡರೂ ಕಂಪ್ಯೂಟರಿಗೆ ಅವು ಬೇರೆ ಪದಗಳು.

ತುಂಡಾಗದ ಟ್ಯಾಗ್‌ನಲ್ಲಿಯೂ ಇಂಥ ಒಂದು ತೊಂದರೆ ಅಡಗಿರುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಕೆಟ್ಟದ್ದು. ZWNJ ಇರುವ ಟ್ಯಾಗ್ ಮತ್ತು ಇಲ್ಲದ ಟ್ಯಾಗ್ ಎರಡನ್ನೂ ಒಂದೆಂದು ಎಣಿಸುವ ವ್ಯವಸ್ಥೆ ತಾಣದಲ್ಲಿ ಇಲ್ಲದಿದ್ದರೆ, ಒಂದೇ ವಿಷಯದ ಪೋಸ್ಟ್‌ಗಳು ಎರಡು ಪುಟಗಳಲ್ಲಿ ಹಂಚಿಹೋಗುತ್ತವೆ. ಇದನ್ನು ಪತ್ತೆ ಮಾಡಲು ಟ್ಯಾಗ್ ಪುಟದ ವಿಳಾಸವನ್ನು ನಕಲು ಮಾಡಿ ಬೇರೆಡೆ ಅಂಟಿಸಿ. ವಿಳಾಸವು ಶೇಕಡಾ ಚಿಹ್ನೆಗಳ ರೂಪದಲ್ಲಿ ಬಂದಾಗ ಕನ್ನಡದ ಅಕ್ಷರಗಳು `%E0%B2` ಅಥವಾ `%E0%B3` ಎಂದು ಆರಂಭವಾಗುತ್ತವೆ; ನಡುವೆ `%E2%80%8C` ಕಂಡರೆ ZWNJ, `%E2%80%8D` ಕಂಡರೆ ZWJ ಇದೆ ಎಂದರ್ಥ. ಏನನ್ನೂ ಪ್ರಕಟಿಸದೆ ನೋಡಬೇಕೆಂದರೆ ಕಂಪ್ಯೂಟರಿನ ಬ್ರೌಸರಿನಲ್ಲಿ F12 ಒತ್ತಿ, Console ಭಾಗದಲ್ಲಿ ಹೀಗೆ ಬರೆಯಿರಿ:

```
[..."#ರಾಜ್‌ಕುಮಾರ್"].map(c => c.codePointAt(0).toString(16)).join(" ")
```

ಉತ್ತರ ಹೀಗೆ ಬರಬೇಕು:

```
23 cb0 cbe c9c ccd 200c c95 cc1 cae cbe cb0 ccd
```

ಇಲ್ಲಿ `ccd` ಎಂಬುದು ಹಲಂತ, `200c` ಎಂಬುದು ZWNJ. ಕೊನೆಯ `ccd` ನಂತರವೂ ಒಂದು `200c` ಕಂಡರೆ ಅದನ್ನು ಅಳಿಸಿ. ಪದದ ಕೊನೆಯಲ್ಲಿ ಅದರಿಂದ ಯಾವ ಉಪಯೋಗವೂ ಇಲ್ಲ.

ತುಂಡಾಗುವ ತಾಣದಲ್ಲಿ #ರಾಜ್_ಕುಮಾರ್ ಎಂದು ಅಡಿಗೆರೆ ಹಾಕಿದರೆ ಜ್ ಅಕ್ಷರವು ಕು ಜೊತೆ ಬೆರೆಯುವುದಿಲ್ಲ, ZWNJ ಕೂಡ ಬೇಕಾಗುವುದಿಲ್ಲ. ಆದರೆ ಇದೂ ಒಂದು ಪ್ರತ್ಯೇಕ ಟ್ಯಾಗ್ ಆದ್ದರಿಂದ, ಹತ್ತಾರು ಜನ ಸೇರಿ ಬಳಸುವುದಿದ್ದರೆ ಒಂದೇ ರೂಪವನ್ನು ಮೊದಲೇ ನಿರ್ಧರಿಸಿ, ಎಲ್ಲರೂ ಟೈಪ್ ಮಾಡುವ ಬದಲು ಅದನ್ನೇ ನಕಲು ಮಾಡಿ ಅಂಟಿಸಬೇಕು. ‘ಗೆ’, ‘ಅನ್ನು’ ಮುಂತಾದ ವಿಭಕ್ತಿ ಪ್ರತ್ಯಯಗಳನ್ನು ಟ್ಯಾಗ್‌ಗೆ ಅಂಟಿಸಿದರೂ ಹೊಸ ಟ್ಯಾಗ್ ಹುಟ್ಟುತ್ತದೆ. ಹಾಗಾಗಿ ಟ್ಯಾಗ್ ಅನ್ನು ವಾಕ್ಯದೊಳಗೆ ತರದೆ ಕೊನೆಯಲ್ಲಿ ಪ್ರತ್ಯೇಕವಾಗಿ ಇಡುವುದು ಲೇಸು.